ನೇರ ಓಡಿಸಿ, ಸುರುಳಿ ಸುತ್ತಿಸಿ

ಗಾಳಿ ತೆಗೆದ ಗಾಜಿನ ಕೊಳವೆಯೊಳಗೆ ಒಂದು ಕಣ ಸೆಕೆಂಡಿಗೆ ಕೋಟಿಗಟ್ಟಲೆ ಮೀಟರ್ ವೇಗದಲ್ಲಿ ಓಡುತ್ತಿದೆ. ಅದರ ರಾಶಿ ಗೊತ್ತಿಲ್ಲ, ಅದು ಹೊತ್ತ ವಿದ್ಯುದಾವೇಶ ಗೊತ್ತಿಲ್ಲ, ವೇಗ ನಿಖರವಾಗಿ ಎಷ್ಟೆಂಬುದೂ ಗೊತ್ತಿಲ್ಲ. ಕೊಳವೆಯ ತುದಿಯ ಗಾಜಿಗೆ ಅದು ಬಡಿದಾಗ ಅಲ್ಲೊಂದು ಚುಕ್ಕೆ ಹೊಳೆಯುತ್ತದೆ. ಆ ಚುಕ್ಕೆ ಎಷ್ಟು ಸರಿಯಿತು ಎಂಬುದನ್ನು ಅಳತೆಪಟ್ಟಿ ಇಟ್ಟು ನೋಡಬಹುದು, ಅಷ್ಟೇ. ಇಷ್ಟು ಕಡಿಮೆ ಬಂಡವಾಳ ಇಟ್ಟುಕೊಂಡು ಆ ಕಣದ ಗುಟ್ಟು ಹೊರಡಿಸುವುದು ಹೇಗೆ?

1897ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ಜೆ. ಜೆ. ಥಾಮ್ಸನ್ ಮುಂದೆ ಇದ್ದದ್ದು ಇದೇ ಸಮಸ್ಯೆ. ಆಗ ಅದಕ್ಕೆ ಎಲೆಕ್ಟ್ರಾನ್ ಎಂಬ ಹೆಸರು ಅಂಟಿಕೊಂಡಿರಲಿಲ್ಲ. ಕೊಳವೆಯಲ್ಲಿ ಹರಿಯುತ್ತಿದ್ದದ್ದನ್ನು ಕ್ಯಾಥೋಡ್ ಕಿರಣ ಎನ್ನುತ್ತಿದ್ದರು. ಅವು ಕಣಗಳ ಸಾಲೋ, ಬೆಳಕಿನಂಥ ಅಲೆಯೋ ಎಂಬ ಬಗ್ಗೆಯೇ ಜಗಳವಿತ್ತು. ಥಾಮ್ಸನ್ ಅದನ್ನು ಬಗೆಹರಿಸಿದ್ದು ಎರಡು ಬಲಗಳನ್ನು ಒಂದರ ಎದುರು ಇನ್ನೊಂದನ್ನು ನಿಲ್ಲಿಸಿ. ಆ ಉಪಾಯ, ಅದರ ನಂತರ ಕಾಲು ಶತಮಾನಕ್ಕೆ ಬಂದ ಸುರುಳಿಯ ಉಪಾಯ, ಎರಡರಲ್ಲೂ ಕೆಲಸ ಮಾಡುವುದು ಒಂದೇ ಜಾಣತನ: ಗೊತ್ತಿಲ್ಲದ ಸಂಗತಿ ಲೆಕ್ಕದೊಳಗೆ ಬರದ ಹಾಗೆ ಪ್ರಯೋಗವನ್ನು ಹೂಡುವುದು.

ಎರಡು ಬಲ, ಎರಡು ಸ್ವಭಾವ

ವಿದ್ಯುತ್ ಕ್ಷೇತ್ರದ ಬಲ ಸರಳ. ಎರಡು ಲೋಹದ ತಟ್ಟೆಗಳನ್ನು ಎದುರುಬದುರಾಗಿ ಇಟ್ಟು ಒಂದನ್ನು ಬ್ಯಾಟರಿಯ ಧನ ತುದಿಗೆ, ಇನ್ನೊಂದನ್ನು ಋಣ ತುದಿಗೆ ಸೇರಿಸಿದರೆ, ನಡುವೆ ಬಂದ ಋಣಾವೇಶದ ಕಣವನ್ನು ಧನ ತಟ್ಟೆ ಎಳೆಯುತ್ತದೆ. ಕಣ ನಿಂತಿರಲಿ, ಓಡುತ್ತಿರಲಿ, ನಿಧಾನವಾಗಿರಲಿ, ಜೋರಾಗಿರಲಿ, ಎಳೆತ ಅಷ್ಟೇ. ಆವೇಶ e, ಕ್ಷೇತ್ರ E ಆದರೆ ಬಲ eE.

ಕಾಂತಕ್ಷೇತ್ರದ ಬಲ ಹಾಗಲ್ಲ. ನಿಂತ ಕಣವನ್ನು ಅದು ಮುಟ್ಟುವುದೇ ಇಲ್ಲ. ಕಣ ಓಡಿದರೆ ಮಾತ್ರ ಬಲ ಹುಟ್ಟುತ್ತದೆ, ಓಟ ಹೆಚ್ಚಿದಷ್ಟೂ ಬಲವೂ ಹೆಚ್ಚುತ್ತದೆ. ಕಣ ಕ್ಷೇತ್ರಕ್ಕೆ ಲಂಬವಾಗಿ ಓಡುತ್ತಿದ್ದರೆ ಬಲ evB. ಇಲ್ಲಿ v ಕಣದ ವೇಗ, B ಕಾಂತಕ್ಷೇತ್ರದ ಪ್ರಮಾಣ. ಆ ಬಲದ ದಿಕ್ಕೂ ವಿಚಿತ್ರ: ಓಟದ ದಿಕ್ಕಿಗೂ ಲಂಬ, ಕ್ಷೇತ್ರದ ದಿಕ್ಕಿಗೂ ಲಂಬ. ಹಿಂದಿನಿಂದ ತಳ್ಳುವುದಿಲ್ಲ, ಮುಂದಿನಿಂದ ತಡೆಯುವುದಿಲ್ಲ, ಯಾವಾಗಲೂ ಪಕ್ಕಕ್ಕೆ ದಬ್ಬುತ್ತದೆ. ಹಾಗಾಗಿ ಕಾಂತಕ್ಷೇತ್ರ ಕಣದ ದಾರಿಯನ್ನು ಬಗ್ಗಿಸಬಲ್ಲದೇ ಹೊರತು ಅದರ ವೇಗವನ್ನು ಕೂಡಿಸಲಾರದು, ಕಳೆಯಲಾರದು.

ಒಂದು ಬಲಕ್ಕೆ ವೇಗದ ಪರಿವೆ ಇಲ್ಲ, ಇನ್ನೊಂದು ವೇಗವನ್ನೇ ನೆಚ್ಚಿಕೊಂಡಿದೆ. ಈ ವ್ಯತ್ಯಾಸವೇ ಥಾಮ್ಸನ್‌ಗೆ ಕೈಹಿಡಿಯಿತು.

ಹರ್ಟ್ಸ್‌ಗೆ ಕಾಣದ ಬಾಗು

ಕಾಂತದಿಂದ ಕ್ಯಾಥೋಡ್ ಕಿರಣ ಬಾಗುತ್ತದೆ ಎಂಬುದು ಮೊದಲೇ ಎಲ್ಲರಿಗೂ ಗೊತ್ತಿತ್ತು. ತೊಡಕಿದ್ದದ್ದು ವಿದ್ಯುತ್ ಕ್ಷೇತ್ರದಲ್ಲಿ. 1883ರಲ್ಲಿ ಜರ್ಮನಿಯ ಹೈನ್ರಿಕ್ ಹರ್ಟ್ಸ್ ತಟ್ಟೆಗಳ ನಡುವೆ ಕಿರಣ ಹಾಯಿಸಿ ನೋಡಿದರು. ಚುಕ್ಕೆ ಸ್ಥಿರವಾಗಿ ಬಾಗಿ ನಿಲ್ಲಲಿಲ್ಲ. ಆವೇಶವಿರುವ ಕಣಗಳಾಗಿದ್ದರೆ ಬಾಗಲೇಬೇಕಿತ್ತು. ಬಾಗಲಿಲ್ಲವಾದ್ದರಿಂದ ಇವು ಕಣಗಳಲ್ಲ ಎಂಬ ವಾದಕ್ಕೆ ಬಲ ಬಂತು.

ಥಾಮ್ಸನ್ ಅದೇ ಪ್ರಯೋಗ ಮಾಡಿದಾಗ ಮೊದಮೊದಲು ಅವರಿಗೂ ಬಾಗು ಕಾಣಲಿಲ್ಲ. ಅವರು ದೋಷ ಹುಡುಕಿದ್ದು ಕೊಳವೆಯೊಳಗೆ ಉಳಿದ ಗಾಳಿಯಲ್ಲಿ. ಕಿರಣಗಳು ಹಾಯುವಾಗ ಆ ಗಾಳಿಯ ಅಣುಗಳಿಗೆ ಬಡಿದು ಅವನ್ನು ಅಯಾನುಗಳಾಗಿ ಒಡೆಯುತ್ತವೆ. ಧನ ಅಯಾನು ಋಣ ತಟ್ಟೆಯತ್ತ, ಋಣ ಆವೇಶ ಧನ ತಟ್ಟೆಯತ್ತ ಸರಿದು ಮುತ್ತಿಕೊಂಡು, ತಟ್ಟೆಗಳ ನಡುವಿನ ಕ್ಷೇತ್ರವನ್ನು ಬಹುಮಟ್ಟಿಗೆ ಅಳಿಸಿಹಾಕುತ್ತವೆ. ತಟ್ಟೆಗೆ ಬ್ಯಾಟರಿ ಸೇರಿಸಿದ್ದರೂ ಕಿರಣದ ಪಾಲಿಗೆ ಅಲ್ಲಿ ಕ್ಷೇತ್ರ ಇಲ್ಲದ ಹಾಗೇ. ಗಾಳಿಯನ್ನು ಇನ್ನೂ ಚೆನ್ನಾಗಿ ಹೊರತೆಗೆದ ಮೇಲೆ ಚುಕ್ಕೆ ಸರಿಯಿತು. ಕಿರಣ ಧನ ತಟ್ಟೆಯ ಕಡೆಗೆ ಬಾಗಿತು. ಅದು ಋಣಾವೇಶದ್ದು ಎಂಬುದೂ ಅಲ್ಲೇ ಖಚಿತವಾಯಿತು.

ಎರಡೂ ಸಮ ಆದಾಗ

ಇನ್ನು ಮುಖ್ಯ ಹೆಜ್ಜೆ. ತಟ್ಟೆಗಳ ವಿದ್ಯುತ್ ಕ್ಷೇತ್ರ ಕಿರಣವನ್ನು ಮೇಲಕ್ಕೆ ಎಳೆಯುತ್ತಿದೆ ಎನ್ನಿ. ಕೊಳವೆಯ ಎರಡು ಬದಿಗೆ ತಂತಿಸುರುಳಿ ಇಟ್ಟು, ಕಿರಣಕ್ಕೂ ವಿದ್ಯುತ್ ಕ್ಷೇತ್ರಕ್ಕೂ ಅಡ್ಡವಾಗಿ ಕಾಂತಕ್ಷೇತ್ರ ಹರಿಸಿದರೆ, ಅದು ಕಿರಣವನ್ನು ಕೆಳಕ್ಕೆ ದಬ್ಬುವ ಹಾಗೆ ಮಾಡಬಹುದು. ತಂತಿಯ ಕರೆಂಟನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಹೋದರೆ ಮೇಲೆ ಹೋಗಿದ್ದ ಚುಕ್ಕೆ ಇಳಿಯುತ್ತ ಬಂದು ಒಂದು ಹಂತದಲ್ಲಿ ಸರಿಯಾಗಿ ಮೊದಲಿದ್ದ ಜಾಗಕ್ಕೆ ಬರುತ್ತದೆ. ಆಗ ಎರಡು ಬಲಗಳೂ ಸಮ:

eE = evB

ಎರಡು ಕಡೆಯ e ಹೊಡೆದುಹೋಗುತ್ತದೆ. ರಾಶಿಯಂತೂ ಮೊದಲಿನಿಂದಲೇ ಇಲ್ಲ. ಉಳಿಯುವುದು

v = E/B

ಕಣದ ಆವೇಶ ಗೊತ್ತಿಲ್ಲದೆ, ರಾಶಿ ಗೊತ್ತಿಲ್ಲದೆ, ಅದರ ವೇಗ ಕೈಗೆ ಬಂತು. ಅಳೆಯಬೇಕಾದ್ದು ತಟ್ಟೆಗಳ ವೋಲ್ಟೇಜ್, ಅವುಗಳ ನಡುವಿನ ಅಂತರ, ತಂತಿಸುರುಳಿಯ ಕಾಂತಕ್ಷೇತ್ರ ಇಷ್ಟೇ. ಮೂರೂ ಮೇಜಿನ ಮೇಲೆ ಅಳೆಯಬಹುದಾದವು.

ಥಾಮ್ಸನ್ ಪ್ರಕಟಿಸಿದ ಪಟ್ಟಿಯ ಒಂದು ಸಾಲನ್ನೇ ಈಗಿನ ಮಾನಗಳಿಗೆ ಬದಲಿಸಿ ನೋಡೋಣ. ಕೊಳವೆಯಲ್ಲಿ ಉಳಿದಿದ್ದ ಅನಿಲ ಗಾಳಿ. ತಟ್ಟೆಗಳ ಉದ್ದ 5 ಸೆಂಟಿಮೀಟರ್. ವಿದ್ಯುತ್ ಕ್ಷೇತ್ರ ಮೀಟರಿಗೆ 15,000 ವೋಲ್ಟ್. ಅದನ್ನು ಸರಿದೂಗಿಸಿದ ಕಾಂತಕ್ಷೇತ್ರ 5.5 ಗಾಸ್, ಅಂದರೆ 0.00055 ಟೆಸ್ಲಾ. ಹದಿನೈದು ಸಾವಿರವನ್ನು 0.00055ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 2.7 ಕೋಟಿ ಮೀಟರ್. ಬೆಳಕಿನ ವೇಗದ ಶೇಕಡಾ 9ರಷ್ಟು. ತೀರಾ ಜೋರು ನಿಜ, ಆದರೆ ಬೆಳಕಿನ ವೇಗವಲ್ಲ. ಬೆಳಕಿನಂಥ ಅಲೆ ಎಂದವರಿಗೆ ಇದೂ ಒಂದು ಉತ್ತರ.

ವೇಗ ಸಿಕ್ಕಮೇಲೆ ಕಾಂತಕ್ಷೇತ್ರ ಆರಿಸಿ, ವಿದ್ಯುತ್ ಕ್ಷೇತ್ರ ಒಂದನ್ನೇ ಉಳಿಸಿದರೆ ಕಿರಣ ಎಷ್ಟು ಬಾಗುತ್ತದೆ ಎಂದು ನೋಡಬಹುದು. ಇದೇ ಸಾಲಿನಲ್ಲಿ ಬಾಗಿದ ಕೋನ ನಾಲ್ಕು ಡಿಗ್ರಿಗಿಂತ ತುಸು ಹೆಚ್ಚು. ಅಂದರೆ ಕಣ ಮುಂದಕ್ಕೆ ಸೆಕೆಂಡಿಗೆ 2.7 ಕೋಟಿ ಮೀಟರ್ ಓಡುತ್ತಿದ್ದಾಗ, ತಟ್ಟೆಗಳಿಂದ ಹೊರಬರುವ ಹೊತ್ತಿಗೆ ಅದಕ್ಕೆ ಪಕ್ಕಕ್ಕೆ ಸುಮಾರು 20 ಲಕ್ಷ ಮೀಟರಿನ ವೇಗ ಬಂದಿದೆ. ಈ ಪಕ್ಕದ ವೇಗ ಗಳಿಸಲು ಅದಕ್ಕೆ ಸಿಕ್ಕ ಸಮಯ 5 ಸೆಂಟಿಮೀಟರ್ ದಾಟುವಷ್ಟು, ಎಂದರೆ ಎರಡು ನ್ಯಾನೋಸೆಕೆಂಡಿಗಿಂತಲೂ ಕಡಿಮೆ. ವೇಗವನ್ನು ಸಮಯದಿಂದ ಭಾಗಿಸಿದರೆ ವೇಗೋತ್ಕರ್ಷ; ಅದನ್ನು ಕ್ಷೇತ್ರದಿಂದ ಭಾಗಿಸಿದರೆ ಆವೇಶಕ್ಕೂ ರಾಶಿಗೂ ಇರುವ ಪ್ರಮಾಣ, ಅಂದರೆ e/m. ಲೆಕ್ಕ ಹಾಕಿದರೆ ಕಿಲೋಗ್ರಾಮಿಗೆ ಸುಮಾರು 7,200 ಕೋಟಿ ಕೂಲಾಂ ಬರುತ್ತದೆ.

ಇಂದು ಒಪ್ಪಿರುವ ಬೆಲೆ 17,600 ಕೋಟಿ. ಥಾಮ್ಸನ್‌ರ ಅಂಕಿ ಅದರ ಅರ್ಧವೂ ಇಲ್ಲ! ಆದರೂ ಅವರ ತೀರ್ಮಾನ ಅಲುಗಲಿಲ್ಲ. ಏಕೆಂದರೆ ಆಗ ಗೊತ್ತಿದ್ದ ಅತಿ ಹಗುರ ಅಯಾನು ಹೈಡ್ರೋಜನ್ನಿನದು. ಅದರ ಪ್ರಮಾಣ ಕೇವಲ 9.6 ಕೋಟಿ. ಹೋಲಿಕೆಯಲ್ಲಿ ವ್ಯತ್ಯಾಸವಿದ್ದದ್ದು ಎರಡು ಪಟ್ಟಲ್ಲ, ಸಾವಿರದ ಆಸುಪಾಸಿನದು. ಅಳತೆ ಎರಡು ಪಟ್ಟು ತಪ್ಪಿದರೂ, ಈ ಕಣ ಪರಮಾಣುವಿಗಿಂತ ಬಹಳ ಬಹಳ ಹಗುರ ಎಂಬ ಮಾತು ನಿಲ್ಲುತ್ತದೆ. ಕೊಳವೆಯ ಅನಿಲ ಬದಲಿಸಿದರೂ, ತುದಿಯ ಲೋಹವನ್ನು ಅಲ್ಯೂಮಿನಿಯಂನಿಂದ ಪ್ಲಾಟಿನಂಗೆ ಬದಲಿಸಿದರೂ ಪ್ರಮಾಣ ಹೆಚ್ಚುಕಡಿಮೆ ಅದೇ ಬಂತು. ಹಾಗಾಗಿ ಇದು ಯಾವುದೋ ಒಂದು ವಸ್ತುವಿನ ಚೂರಲ್ಲ, ಎಲ್ಲ ವಸ್ತುಗಳಲ್ಲೂ ಇರುವ ಕಣ ಎಂದು ಅವರು ಹೇಳಬಲ್ಲವರಾದರು.

ವೇಗ ಸೋಸುವ ಜರಡಿ

v = E/B ಸೂತ್ರವನ್ನು ತಿರುಗಿಸಿ ಹಿಡಿದರೆ ಅದು ಅಳತೆಯ ಬದಲು ಆಯ್ಕೆಯ ಸಾಧನವಾಗುತ್ತದೆ. ಬೇರೆ ಬೇರೆ ವೇಗದ ಅಯಾನುಗಳು ಬೆರೆತ ಹರಿವನ್ನು ಅಡ್ಡಕ್ಷೇತ್ರಗಳ ನಡುವೆ ಬಿಟ್ಟು, ಆ ತುದಿಯಲ್ಲಿ ಒಂದು ಕಿರಿದಾದ ಸೀಳು ಇಟ್ಟರೆ, E/B ವೇಗದವು ಮಾತ್ರ ನೇರ ಹೋಗಿ ಸೀಳಿನಿಂದ ಹೊರಬೀಳುತ್ತವೆ. ಅದಕ್ಕಿಂತ ಜೋರಾದವುಗಳ ಮೇಲೆ ಕಾಂತಬಲ ಮೇಲುಗೈ ಸಾಧಿಸಿ ಒಂದು ಪಕ್ಕಕ್ಕೆ, ನಿಧಾನದವುಗಳ ಮೇಲೆ ವಿದ್ಯುತ್ ಬಲ ಮೇಲುಗೈ ಸಾಧಿಸಿ ಇನ್ನೊಂದು ಪಕ್ಕಕ್ಕೆ ದಬ್ಬಿ ಗೋಡೆಗೆ ಹೊಡೆಸುತ್ತವೆ. ಇದೇ ವೆಲಾಸಿಟಿ ಸೆಲೆಕ್ಟರ್. 1898ರಲ್ಲಿ ಇಂಥ ಅಡ್ಡಕ್ಷೇತ್ರಗಳನ್ನು ಧನ ಅಯಾನುಗಳ ಮೇಲೆ ಬಳಸಿದ ವಿಲ್ಹೆಲ್ಮ್ ವೀನ್ ಹೆಸರಿನಿಂದ ಇದನ್ನು ವೀನ್ ಫಿಲ್ಟರ್ ಎಂದೂ ಕರೆಯುತ್ತಾರೆ.

ಪಠ್ಯಪುಸ್ತಕದ ಚಿತ್ರದಲ್ಲಿ ಈ ಜರಡಿ ಒಂದೇ ಒಂದು ವೇಗವನ್ನು ಬಿಡುತ್ತದೆ. ನಿಜದಲ್ಲಿ ಹಾಗೆ ಆಗದು, ಏಕೆಂದರೆ ಸೀಳಿಗೆ ಅಗಲವಿದೆ. ಥಾಮ್ಸನ್‌ರ ಅಂಕಿಗಳನ್ನೇ ಇಟ್ಟುಕೊಳ್ಳಿ. ಶೇಕಡಾ 1ರಷ್ಟು ಹೆಚ್ಚು ವೇಗದ ಕಣದ ಮೇಲೆ ಉಳಿಯುವ ಬಲ ಬರೀ ವಿದ್ಯುತ್ ಬಲದ ನೂರನೇ ಒಂದು ಭಾಗ. ಅದು ಬಾಗುವುದೂ ಆ ನಾಲ್ಕು ಡಿಗ್ರಿಯ ನೂರನೇ ಒಂದು ಭಾಗ. ಒಂದು ಮೀಟರ್ ಆಚೆ ಸೀಳು ಇದ್ದರೆ ಅಲ್ಲಿಗೆ ಬರುವಾಗ ಕಣ ತಪ್ಪಿದ್ದು 0.7 ಮಿಲಿಮೀಟರ್ ಮಾತ್ರ. ಸೀಳಿನ ಅಗಲ ಎರಡು ಮಿಲಿಮೀಟರ್ ಇದ್ದರೆ ಅದು ನಿರಾಯಾಸವಾಗಿ ನುಸುಳುತ್ತದೆ. ಸೀಳನ್ನು ಕಿರಿದು ಮಾಡಿದರೆ ವೇಗ ಶುದ್ಧವಾಗುತ್ತದೆ, ಆದರೆ ಹೊರಬರುವ ಕಣಗಳ ಸಂಖ್ಯೆ ಕುಸಿದು ಗುರುತೇ ಮಸುಕಾಗುತ್ತದೆ. ಎರಡರ ನಡುವೆ ರಾಜಿ ಮಾಡಿಕೊಳ್ಳದೆ ಗತಿಯಿಲ್ಲ.

ಜರಡಿಯಿಂದ ಬಂದ ಅಯಾನುಗಳನ್ನು ಮುಂದೆ ಕಾಂತಕ್ಷೇತ್ರ ಮಾತ್ರ ಇರುವ ಕೋಣೆಗೆ ಬಿಟ್ಟರೆ ಅವು ವೃತ್ತವಾಗಿ ಸುತ್ತುತ್ತವೆ. ವೃತ್ತದ ತ್ರಿಜ್ಯ

r = mv/(eB)

ಇಲ್ಲಿ ಎಲ್ಲಕ್ಕೂ v ಒಂದೇ, B ಒಂದೇ. ಆವೇಶವೂ ಒಂದೇ ಆಗಿದ್ದರೆ ತ್ರಿಜ್ಯ ನೇರವಾಗಿ ರಾಶಿಯನ್ನೇ ಹೇಳುತ್ತದೆ. ಅಮೆರಿಕದ ಕೆನೆತ್ ಬೇನ್‌ಬ್ರಿಜ್ 1930ರ ದಶಕದ ಆರಂಭದಲ್ಲಿ ಇದೇ ತತ್ವದ ಮಾಸ್ ಸ್ಪೆಕ್ಟ್ರೋಗ್ರಾಫ್ ಕಟ್ಟಿ ಪರಮಾಣುಗಳ ರಾಶಿ ಅಳೆದರು. ಜರಡಿಯ ವೇಗ ಸೆಕೆಂಡಿಗೆ 2 ಲಕ್ಷ ಮೀಟರ್, ಕ್ಷೇತ್ರ 0.5 ಟೆಸ್ಲಾ ಎಂದು ಇಟ್ಟುಕೊಂಡರೆ, ಒಂದು ಎಲೆಕ್ಟ್ರಾನ್ ಕಳೆದುಕೊಂಡ ನಿಯಾನ್-20 ಅಯಾನಿನ ತ್ರಿಜ್ಯ 8.3 ಸೆಂಟಿಮೀಟರ್, ನಿಯಾನ್-22ರದು 9.1. ಅರ್ಧ ಸುತ್ತು ಮುಗಿಸಿ ಫೋಟೋ ಪ್ಲೇಟಿಗೆ ಬಡಿದಾಗ ಎರಡರ ಗುರುತಿನ ನಡುವೆ ಒಂದೂವರೆ ಸೆಂಟಿಮೀಟರಿಗೂ ಹೆಚ್ಚು ಅಂತರ. ಈ 8.3 ಸೆಂಟಿಮೀಟರನ್ನು ನೆನಪಿಡಿ, ಇದರಲ್ಲೊಂದು ಮೋಸ ಅಡಗಿದೆ, ಕೊನೆಗೆ ನೋಡೋಣ.

ಸುತ್ತಿಗೆ ವೇಗದ ಹಂಗಿಲ್ಲ

ತ್ರಿಜ್ಯದ ಸೂತ್ರದಲ್ಲಿ ಇನ್ನೊಂದು ಸ್ವಾರಸ್ಯವಿದೆ. ವೇಗ ದುಪ್ಪಟ್ಟಾದರೆ ವೃತ್ತವೂ ದುಪ್ಪಟ್ಟು ದೊಡ್ಡದು. ದಾರಿ ಎರಡರಷ್ಟು, ಓಟವೂ ಎರಡರಷ್ಟು. ಹಾಗಾದರೆ ಸುತ್ತು ಮುಗಿಸಲು ಬೇಕಾದ ಸಮಯ? ಬದಲಾಗದು. ದೇವಸ್ಥಾನದಲ್ಲಿ ಗರ್ಭಗುಡಿಯ ಪಕ್ಕ ನಿಧಾನವಾಗಿ ಪ್ರದಕ್ಷಿಣೆ ಹಾಕುವ ಅಜ್ಜಿಯೂ ಹೊರ ಪ್ರಾಕಾರದಲ್ಲಿ ಓಡುವ ಮೊಮ್ಮಗನೂ ಒಂದೇ ಕ್ಷಣಕ್ಕೆ ಬಾಗಿಲ ಮುಂದೆ ಬಂದು ನಿಂತ ಹಾಗೆ. ಒಂದು ಸುತ್ತಿನ ಸಮಯ

T = 2πm/(eB)

ಇದರಲ್ಲಿ v ಇಲ್ಲ, r ಇಲ್ಲ. ಅಡ್ಡಕ್ಷೇತ್ರದಲ್ಲಿ ಸಮೀಕರಣದಿಂದ ಮಾಯವಾದದ್ದು ಆವೇಶ ಮತ್ತು ರಾಶಿ. ಇಲ್ಲಿ ಮಾಯವಾಗಿರುವುದು ವೇಗ.

ಇಲ್ಲಿಯವರೆಗೆ ಕಣ ಕಾಂತಕ್ಷೇತ್ರಕ್ಕೆ ಲಂಬವಾಗಿ ಓಡುತ್ತಿತ್ತು. ಕ್ಷೇತ್ರಕ್ಕೆ ಓರೆಯಾಗಿ ಹೊಕ್ಕರೆ ಏನಾದೀತು? ವೇಗವನ್ನು ಎರಡು ಪಾಲು ಮಾಡಿ ನೋಡಬೇಕು. ಕ್ಷೇತ್ರಕ್ಕೆ ಲಂಬವಾದ ಪಾಲು ಕಣವನ್ನು ವೃತ್ತವಾಗಿ ಸುತ್ತಿಸುತ್ತದೆ. ಕ್ಷೇತ್ರದ ಗುಂಟ ಇರುವ ಪಾಲನ್ನು ಕಾಂತಬಲ ಮುಟ್ಟುವುದಿಲ್ಲ. ಅದು ಕಣವನ್ನು ಒಂದೇ ಸಮನೆ ಮುಂದಕ್ಕೆ ಒಯ್ಯುತ್ತದೆ. ಸುತ್ತುತ್ತ ಮುಂದೆ ಸಾಗಿದರೆ ಆಗುವುದು ಸುರುಳಿ. ಆ ಸುರುಳಿಯ ತ್ರಿಜ್ಯವನ್ನು ನಿರ್ಧರಿಸುವುದು ಲಂಬ ಪಾಲು ಮಾತ್ರ. ಒಂದು ಸುತ್ತು ಮುಗಿಯುವಷ್ಟರಲ್ಲಿ ಕಣ ಎಷ್ಟು ಮುಂದೆ ಬಂದಿತೋ ಆ ದೂರಕ್ಕೆ ಪಿಚ್ ಎನ್ನುತ್ತಾರೆ. ಅದನ್ನು ನಿರ್ಧರಿಸುವುದು ಮುಂದಿನ ಪಾಲು ಮಾತ್ರ. ಕ್ಷೇತ್ರದ ದಿಕ್ಕಿಗೆ θ ಕೋನದಲ್ಲಿ ಹೊಕ್ಕ ಕಣಕ್ಕೆ

r = mv sinθ/(eB), ಪಿಚ್ = 2πmv cosθ/(eB)

ಸಣ್ಣ ಕೋನಗಳಲ್ಲಿ sine ಮತ್ತು cosine ನಡೆದುಕೊಳ್ಳುವ ರೀತಿ ಬೇರೆ. ಕೋನ 5 ಡಿಗ್ರಿಯಿಂದ 10ಕ್ಕೆ ಏರಿದರೆ sine ಎರಡರಷ್ಟಾಗುತ್ತದೆ, ಹಾಗಾಗಿ ತ್ರಿಜ್ಯವೂ ಎರಡರಷ್ಟು. ಆದರೆ cosine 0.996ರಿಂದ 0.985ಕ್ಕೆ ಇಳಿಯುತ್ತದಷ್ಟೆ. ಅಂದರೆ ಒಂದೇ ಜಾಗದಿಂದ ಬೇರೆ ಬೇರೆ ಕೋನದಲ್ಲಿ ಚದುರಿ ಹೊರಟ ಎಲೆಕ್ಟ್ರಾನುಗಳು ಸಣ್ಣ, ದೊಡ್ಡ ಸುರುಳಿಗಳಲ್ಲಿ ಸುತ್ತಿದರೂ, ಒಂದು ಸುತ್ತು ಮುಗಿಸಿದಾಗ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಮತ್ತೆ ಕೂಡುತ್ತವೆ. ಜರ್ಮನಿಯ ಹಾನ್ಸ್ ಬುಶ್ 1922ರಲ್ಲಿ e/m ಅಳೆಯಲು ಬಳಸಿಕೊಂಡದ್ದು ಇದನ್ನೇ.

ಗೆರೆ ತಿರುಗಿ ಚುಕ್ಕೆಯಾಗುವುದು

ಬುಶ್ ಪ್ರಯೋಗ ನಮ್ಮ ಹಲವು ಕಾಲೇಜುಗಳ ಬಿ.ಎಸ್ಸಿ. ಪ್ರಯೋಗಾಲಯದಲ್ಲಿ ಇಂದಿಗೂ ನಡೆಯುತ್ತದೆ. ಹಳೆಯ ಆಸಿಲೋಸ್ಕೋಪಿನಲ್ಲಿ ಇರುವಂಥ ಕ್ಯಾಥೋಡ್ ರೇ ಟ್ಯೂಬನ್ನು ಉದ್ದನೆಯ ಸೊಲೆನಾಯ್ಡ್ ಸುರುಳಿಯೊಳಗೆ ತೂರಿಸಿರುತ್ತಾರೆ. ಟ್ಯೂಬಿನ ಅಕ್ಷವೂ ಕಾಂತಕ್ಷೇತ್ರದ ದಿಕ್ಕೂ ಒಂದೇ. ಮೊದಲು ಸೊಲೆನಾಯ್ಡ್‌ಗೆ ಕರೆಂಟ್ ಕೊಡದೆ, ಬಾಗಿಸುವ ತಟ್ಟೆಗಳಿಗೆ ಎ.ಸಿ. ವೋಲ್ಟೇಜ್ ಕೊಟ್ಟರೆ ಚುಕ್ಕೆ ಹಿಂದೆ ಮುಂದೆ ಓಡಿ ಪರದೆಯ ಮೇಲೆ ಒಂದು ಗೆರೆಯಾಗಿ ಕಾಣುತ್ತದೆ. ಆ ಗೆರೆಯೆಂದರೆ ಬೇರೆ ಬೇರೆ ಕೋನದಲ್ಲಿ ಹೊರಟ ಎಲೆಕ್ಟ್ರಾನುಗಳ ಸಾಲು.

ಈಗ ಸೊಲೆನಾಯ್ಡ್‌ನ ಕರೆಂಟ್ ನಿಧಾನವಾಗಿ ಏರಿಸಿ. ಗೆರೆ ತಿರುಗಲು ಶುರುವಾಗುತ್ತದೆ, ತಿರುಗುತ್ತ ಗಿಡ್ಡವೂ ಆಗುತ್ತದೆ. ಎಲೆಕ್ಟ್ರಾನುಗಳು ಅರ್ಧ ಸುತ್ತು ಮುಗಿಸಿ ಪರದೆ ಮುಟ್ಟುವಷ್ಟು ಕ್ಷೇತ್ರ ಬಂದಾಗ ಗೆರೆ ಮೊದಲಿನ ದಿಕ್ಕಿಗೆ ಲಂಬವಾಗಿರುತ್ತದೆ. ಇನ್ನೂ ಏರಿಸಿದರೆ ಅದು ಕುಗ್ಗಿ ಕುಗ್ಗಿ ಒಂದು ಚುಕ್ಕೆಯಾಗುತ್ತದೆ. ಆ ಕ್ಷಣದಲ್ಲಿ ತಟ್ಟೆಯಿಂದ ಪರದೆಯವರೆಗಿನ ದೂರ L ಸರಿಯಾಗಿ ಒಂದು ಪಿಚ್. ಎಲೆಕ್ಟ್ರಾನಿನ ಮುಂದಿನ ವೇಗ ಬಂದದ್ದು ಟ್ಯೂಬಿನ ವೋಲ್ಟೇಜ್ V ಇಂದ, ಆದ್ದರಿಂದ ವೇಗವನ್ನೂ ಕಳೆದು ಬರೆದರೆ

e/m = 8π²V/(B²L²)

ಅಂಕಿ ಹಾಕಿ ನೋಡೋಣ. V 1000 ವೋಲ್ಟ್ ಆದರೆ ಎಲೆಕ್ಟ್ರಾನಿನ ವೇಗ ಸೆಕೆಂಡಿಗೆ 1.88 ಕೋಟಿ ಮೀಟರ್. L 15 ಸೆಂಟಿಮೀಟರ್ ಎಂದರೆ ಆ ದೂರ ಕ್ರಮಿಸಲು 8 ನ್ಯಾನೋಸೆಕೆಂಡ್. ಅಷ್ಟರಲ್ಲಿ ಒಂದು ಸುತ್ತು ಮುಗಿಯಬೇಕಾದರೆ ಬೇಕಾಗುವ ಕ್ಷೇತ್ರ ಸುಮಾರು 45 ಗಾಸ್. 5 ಡಿಗ್ರಿ ಓರೆಯಾಗಿ ಹೊರಟ ಎಲೆಕ್ಟ್ರಾನಿನ ಸುರುಳಿಯ ತ್ರಿಜ್ಯ 2 ಮಿಲಿಮೀಟರ್ ಚಿಲ್ಲರೆ. ಅದರ ಪಿಚ್ 15 ಸೆಂಟಿಮೀಟರಿಗೆ ಅರ್ಧ ಮಿಲಿಮೀಟರಿನಷ್ಟು ಮಾತ್ರ ಕಡಿಮೆ. 10 ಡಿಗ್ರಿಯದಕ್ಕೆ ಪಿಚ್ ಎರಡು ಮಿಲಿಮೀಟರಿಗೂ ಹೆಚ್ಚು ತಗ್ಗುತ್ತದೆ. ಆದ್ದರಿಂದಲೇ ಮೊದಲ ಗೆರೆಯನ್ನು ಪರದೆ ತುಂಬ ಎಳೆಯದೆ ಗಿಡ್ಡದಾಗಿ ಇಟ್ಟುಕೊಂಡರೆ ಚುಕ್ಕೆ ಚೂಪಾಗಿ ಬರುತ್ತದೆ. ಉದ್ದ ಎಳೆದರೆ ಚುಕ್ಕೆ ಹರಡಿ, ಯಾವ ಕರೆಂಟಿನಲ್ಲಿ ಅದು ಅತಿ ಸಣ್ಣದಾಯಿತು ಎಂದು ಹೇಳುವುದೇ ಕಷ್ಟ.

ಅಂಕಿ ತಪ್ಪುವುದಕ್ಕೆ ಇನ್ನೂ ಎರಡು ದಾರಿಗಳಿವೆ. ಒಂದು, ಭೂಮಿಯ ಕಾಂತಕ್ಷೇತ್ರ. ನಮ್ಮ ಕಡೆ ಅದು ಸುಮಾರು 0.4 ಗಾಸ್, 45 ಗಾಸಿನ ಎದುರು ಶೇಕಡಾ 1ರ ಹತ್ತಿರ. ಸೂತ್ರದಲ್ಲಿ B ವರ್ಗವಾಗಿ ಬರುವುದರಿಂದ ಉತ್ತರದಲ್ಲಿ ಶೇಕಡಾ 2ರಷ್ಟು ವ್ಯತ್ಯಾಸ. ಸೊಲೆನಾಯ್ಡನ್ನು ಉತ್ತರ ದಕ್ಷಿಣವಾಗಿ ಇಟ್ಟರೆ ಭೂಮಿಯ ಕ್ಷೇತ್ರ ಪೂರ್ತಿ ಅಕ್ಷದ ಗುಂಟ ಸೇರಿಕೊಳ್ಳುತ್ತದೆ. ಅದಕ್ಕೇ ಪೂರ್ವ ಪಶ್ಚಿಮವಾಗಿ ಇಡಿಸುತ್ತಾರೆ. ಕರೆಂಟಿನ ದಿಕ್ಕು ತಿರುಗಿಸಿ ಮತ್ತೊಮ್ಮೆ ಚುಕ್ಕೆ ಹುಡುಕಿ, ಎರಡು ಓದುಗಳ ಸರಾಸರಿ ತೆಗೆಯುತ್ತಾರೆ. ಎರಡು ಓದು ಎಷ್ಟು ಬೇರೆಯಾದವು ಎಂಬುದೇ ಹೊರಗಿನ ಕ್ಷೇತ್ರ ಎಷ್ಟು ನುಸುಳಿದೆ ಎಂದು ತಿಳಿಸುತ್ತದೆ.

ಇನ್ನೊಂದು, L ಯಾವುದು ಎಂಬ ಗೊಂದಲ. ಟ್ಯೂಬಿನಲ್ಲಿ ಎರಡು ಜೊತೆ ತಟ್ಟೆಗಳಿವೆ. ಅಡ್ಡಕ್ಕೆ ಬಾಗಿಸುವ ಜೊತೆ ಮತ್ತು ಉದ್ದಕ್ಕೆ ಬಾಗಿಸುವ ಜೊತೆ ಒಂದರ ಹಿಂದೆ ಒಂದು ಇರುವುದರಿಂದ ಪರದೆಗೆ ಅವುಗಳ ದೂರ ಬೇರೆ ಬೇರೆ. ಎ.ಸಿ. ಕೊಟ್ಟದ್ದು ಒಂದಕ್ಕೆ, ಲೆಕ್ಕದಲ್ಲಿ ಹಾಕಿದ್ದು ಇನ್ನೊಂದರ ದೂರ ಆದರೆ ಉತ್ತರ ಕೆಡುತ್ತದೆ. ಎರಡು ಜೊತೆಗಳಿಗೂ ಬೇರೆ ಬೇರೆಯಾಗಿ ಚುಕ್ಕೆ ಹಿಡಿದು, ಎರಡರಿಂದಲೂ ಒಂದೇ e/m ಬರುತ್ತದೆಯೇ ನೋಡಿದರೆ ಗೊತ್ತಾಗಿಬಿಡುತ್ತದೆ. ಮೊದಲ ಚುಕ್ಕೆ ಸರಿಯಾಗಿ ಸಿಕ್ಕಿದೆಯೇ ಎಂದು ನೋಡಲು ಕರೆಂಟನ್ನು ಇನ್ನೂ ಏರಿಸುತ್ತ ಹೋಗಬೇಕು: ಗೆರೆ ಮತ್ತೆ ಬೆಳೆದು, ಮತ್ತೆ ಕುಗ್ಗಿ, ಕರೆಂಟ್ ದುಪ್ಪಟ್ಟಾದಾಗ ಎರಡನೆಯ ಚುಕ್ಕೆ ಕಾಣಬೇಕು. ಅಲ್ಲಿ ಪರದೆಯವರೆಗೆ ಎರಡು ಸುತ್ತು.

ಚದುರಿದ ಕಣಗಳನ್ನು ಮತ್ತೆ ಕೂಡಿಸುವುದು ಎಂದರೆ ಬೆಳಕಿಗೆ ಮಸೂರ ಮಾಡುವ ಕೆಲಸ. ಬುಶ್ 1926ರಲ್ಲಿ ಅದನ್ನೇ ಲೆಕ್ಕ ಹಾಕಿ ತೋರಿಸಿದರು: ಚಿಕ್ಕ ತಂತಿಸುರುಳಿಯ ಕಾಂತಕ್ಷೇತ್ರವೂ ಎಲೆಕ್ಟ್ರಾನುಗಳಿಗೆ ಮಸೂರವಾಗಬಲ್ಲದು. ಆ ಲೆಕ್ಕವನ್ನು ಹಿಡಿದು ಬರ್ಲಿನ್ನಿನಲ್ಲಿ ಮ್ಯಾಕ್ಸ್ ಕ್ನಾಲ್ ಮತ್ತು ಅರ್ನ್ಸ್ಟ್ ರುಸ್ಕಾ 1931ರಲ್ಲಿ ಎರಡು ಮಸೂರಗಳ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕಟ್ಟಿದರು. ರುಸ್ಕಾಗೆ ಅದಕ್ಕಾಗಿ ನೊಬೆಲ್ ಬಂದದ್ದು 1986ರಲ್ಲಿ.

ಕ್ಷೇತ್ರಗಳಿಗೆ ಕಾಣದ ಭೇದ

ಇಷ್ಟೆಲ್ಲ ಸೂತ್ರಗಳಲ್ಲಿ ಒಂದು ಸಂಗತಿ ಕಣ್ಣಿಗೆ ಬೀಳಬೇಕು. ಆವೇಶವೂ ರಾಶಿಯೂ ಎಲ್ಲಿಯೂ ಒಂಟಿಯಾಗಿ ಬರುವುದಿಲ್ಲ. ಬಂದರೆ ಜೋಡಿಯಾಗಿಯೇ, ಒಂದನ್ನು ಇನ್ನೊಂದರಿಂದ ಭಾಗಿಸಿಯೇ. ನೇರ ಓಡಿಸಿದರೂ ಸುರುಳಿ ಸುತ್ತಿಸಿದರೂ ಎಲೆಕ್ಟ್ರಾನ್ ತನ್ನ e/m ಅನ್ನು ಮಾತ್ರ ಹೇಳುತ್ತದೆ. ಆವೇಶ ಬೇರೆಯಾಗಿ ಗೊತ್ತಾಗಲು ರಾಬರ್ಟ್ ಮಿಲಿಕನ್‌ರ ಎಣ್ಣೆಹನಿ ಪ್ರಯೋಗ ಬರಬೇಕಾಯಿತು. ಅದಾದ ಮೇಲೆ ಭಾಗಾಕಾರ ಮಾಡಿ ಎಲೆಕ್ಟ್ರಾನಿನ ರಾಶಿ ಪಡೆದರು.

ಎರಡು ಪಟ್ಟು ರಾಶಿ, ಎರಡು ಪಟ್ಟು ಆವೇಶ ಇರುವ ಕಣ ಇದ್ದರೆ ಅದು ಒಂದು ಪಟ್ಟಿನ ಕಣದ ದಾರಿಯನ್ನೇ ಹಿಡಿಯುತ್ತದೆ. 8.3 ಸೆಂಟಿಮೀಟರಿನ ಮೋಸ ಇದೇ. ಗಾಳಿಯಲ್ಲಿ ಆರ್ಗಾನ್ ನಿಯಾನ್‌ಗಿಂತ ಸುಮಾರು 500 ಪಟ್ಟು ಹೆಚ್ಚು. ಆರ್ಗಾನ್-40 ಪರಮಾಣು ಎರಡು ಎಲೆಕ್ಟ್ರಾನ್ ಕಳೆದುಕೊಂಡರೆ ಅದರ ರಾಶಿ 40, ಆವೇಶ 2. ಕಾಂತಕ್ಷೇತ್ರದ ಪಾಲಿಗೆ ಅದು 20ರ ಕಣ. ನಮ್ಮ ಉಪಕರಣದಲ್ಲಿ ಅದು ನಿಯಾನ್-20 ಬಡಿಯುವ ಜಾಗದಿಂದ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ ದೂರದಲ್ಲಿ ಬಡಿಯುತ್ತದೆ. ಸೀಳಿನ ಅಗಲವೇ ಅದನ್ನು ನುಂಗಿಹಾಕುತ್ತದೆ. ಗಾಳಿಯಲ್ಲೋ ಬಂಡೆಯಲ್ಲೋ ನಿಯಾನ್ ಎಷ್ಟಿದೆ ಎಂದು ಅಳೆಯುವವರಿಗೆ ಇದು ದಿನನಿತ್ಯದ ತಲೆನೋವು.

ಕ್ಷೇತ್ರ ಹೆಚ್ಚುಕಡಿಮೆ ಮಾಡಿದರೆ ಎರಡು ಗುರುತೂ ಒಟ್ಟಿಗೇ ಸರಿಯುತ್ತವೆ; ಅದರಿಂದ ಭೇದ ತಿಳಿಯದು. ಉಪಾಯ ಇರುವುದು ಅಯಾನು ತಯಾರಾಗುವ ಜಾಗದಲ್ಲಿ. ಅಲ್ಲಿ ಅನಿಲದ ಮೇಲೆ ಎಲೆಕ್ಟ್ರಾನುಗಳನ್ನು ಹೊಡೆಸಿ ಅಯಾನು ಮಾಡುತ್ತಾರೆ. ನಿಯಾನಿನ ಒಂದು ಎಲೆಕ್ಟ್ರಾನ್ ಕೀಳಲು ಸುಮಾರು 22 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಸಾಕು. ಆರ್ಗಾನಿನ ಎರಡು ಎಲೆಕ್ಟ್ರಾನ್ ಕೀಳಲು 43 ದಾಟಬೇಕು. ಹೊಡೆಯುವ ಎಲೆಕ್ಟ್ರಾನುಗಳ ಶಕ್ತಿಯನ್ನು 40ಕ್ಕೆ ಇಳಿಸಿದರೆ ಎರಡು ಆವೇಶದ ಆರ್ಗಾನ್ ಹುಟ್ಟುವುದೇ ಇಲ್ಲ. ನಿಯಾನ್ ಅಯಾನುಗಳೂ ಮೊದಲಿಗಿಂತ ಕಡಿಮೆ ಹುಟ್ಟುತ್ತವೆ, ಗುರುತು ಮಸುಕಾಗುತ್ತದೆ, ಆದರೆ 8.3 ಸೆಂಟಿಮೀಟರಿನಲ್ಲಿ ಆಗಲೂ ಏನು ಉಳಿದಿದೆಯೋ ಅದು ನಿಯಾನಿನದೇ.